ಗುಜರಿಗೆ ಹಾಕಿದ ಕಾರಿನ ವಿಮಾ ಪ್ರೀಮಿಯಂ ಮರುಪಾವತಿ ಕೋರಿ ಅರ್ಜಿ

ಧಾರವಾಡ
27 ನವೆಂಬರ್ 2025

ಇವರಿಗೆ,
ಶಾಖಾ ವ್ಯವಸ್ಥಾಪಕರು,
ಮೋಟಾರು ವಿಮಾ ವಿಭಾಗ, ಹುಬ್ಬಳ್ಳಿ ಶಾಖೆ

ವಿಷಯ: ನೋಂದಣಿ ರದ್ದಾದ ಕಾರಿನ ಪಾಲಿಸಿ ರದ್ದುಪಡಿಸಿ, ಉಳಿದ 202 ದಿನಗಳ ಪ್ರೀಮಿಯಂ ಹಿಂದಿರುಗಿಸುವ ಬಗ್ಗೆ.

ಉಲ್ಲೇಖ: ಪಾಲಿಸಿ ಸಂಖ್ಯೆ 3001/62184/25, ವಾಹನ ಕೆಎ-25-ಎನ್-4178, 1197 ಸಿಸಿ ಪೆಟ್ರೋಲ್ ಕಾರು, 2009ರ ಮಾದರಿ.

ಮಾನ್ಯರೇ,

ಮೇಲ್ಕಂಡ ಕಾರಿಗೆ ತಮ್ಮಲ್ಲಿ 12 ಜೂನ್ 2025ರಿಂದ 11 ಜೂನ್ 2026ರ ಮಧ್ಯರಾತ್ರಿವರೆಗೆ ಒಂದು ವರ್ಷದ ಪ್ಯಾಕೇಜ್ ಪಾಲಿಸಿ ಇದೆ. ಕಾರನ್ನು ನವೆಂಬರ್ 3ರಂದು ಸರ್ಕಾರದಲ್ಲಿ ನೋಂದಾಯಿತವಾದ ವಾಹನ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಅಂದೇ ಠೇವಣಿ ಪ್ರಮಾಣಪತ್ರ ಪಡೆದಿದ್ದೇನೆ. ಕಾರು ಕಳಚಿದ್ದಕ್ಕೆ ಗುಜರಿ ಪ್ರಮಾಣಪತ್ರ ನವೆಂಬರ್ 14ರಂದು ಬಂತು. ಆರ್‌ಟಿಒ ನವೆಂಬರ್ 21ರಂದು ನೋಂದಣಿ ರದ್ದು ಮಾಡಿದೆ. ಮೂರೂ ದಾಖಲೆ ಲಗತ್ತಿಸಿದ್ದೇನೆ. ವಾಹನ್ ಪೋರ್ಟಲ್‌ನಲ್ಲಿ ಈ ನಂಬರ್ ಹಾಕಿದರೆ ತಮಗೂ ರದ್ದಾದ ಸ್ಥಿತಿಯೇ ಕಾಣುತ್ತದೆ. ದಯವಿಟ್ಟು ಕಾಗದದ ಜೊತೆ ಅದನ್ನೂ ನೋಡಿ.

ಮೂರು ತಾರೀಖುಗಳಿರುವುದರಿಂದ ಲೆಕ್ಕಕ್ಕೆ ಯಾವುದನ್ನು ಹಿಡಿಯಬೇಕೆಂದು ಗೊಂದಲವಾಗಬಾರದು. ನಾನು ಕೇಳುತ್ತಿರುವುದು ಕಾರು ಕೊಟ್ಟ ದಿನದಿಂದಲ್ಲ, ನೋಂದಣಿ ರದ್ದಾದ ಮರುದಿನದಿಂದ, ಅಂದರೆ ನವೆಂಬರ್ 22ರಿಂದ. ನವೆಂಬರ್ 21ರವರೆಗಿನ 163 ದಿನಗಳ ಪ್ರೀಮಿಯಂ ತಮಗೇ ಸೇರಬೇಕಾದದ್ದು. ಹಾಗೆಯೇ, ಈ ಪತ್ರ ತಮ್ಮ ಕೈ ಸೇರಿದ ದಿನವನ್ನು ರದ್ದತಿಯ ದಿನವೆಂದು ಹಿಡಿಯಬೇಡಿ. ನವೆಂಬರ್ 22ರಿಂದಾಚೆಗೆ ತಾವು ಹೊರುವ ಅಪಾಯವೇನೂ ಉಳಿದಿಲ್ಲ.

ಲೆಕ್ಕ ಹೀಗಿದೆ. ಸ್ವಂತ ಹಾನಿ ₹1,318, ಥರ್ಡ್ ಪಾರ್ಟಿ ₹3,416, ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ₹320, ಒಟ್ಟು ₹5,054. ಇದಕ್ಕೆ 365ರಲ್ಲಿ 202 ದಿನದ ಪಾಲು ₹2,797.01. ಶೇ 18 ಜಿಎಸ್‌ಟಿ ₹503.46 ಸೇರಿ ₹3,300.47 ಬರಬೇಕು.

ಥರ್ಡ್ ಪಾರ್ಟಿ ಭಾಗದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಅಲ್ಲೇ. ಆ ಭಾಗ ಕಡ್ಡಾಯವಾದ್ದರಿಂದ ಬೇರೆ ಕಂಪನಿಯ ಪಾಲಿಸಿ ತೋರಿಸದೆ ರದ್ದು ಮಾಡಲಾಗದು ಎಂಬ ಉತ್ತರ, ರಸ್ತೆಯಲ್ಲಿ ಓಡುವ ಕಾರಿಗೆ ಸರಿ. ಮೋಟಾರು ವಾಹನ ಕಾಯ್ದೆಯ 146ನೇ ಕಲಂ ವಿಮೆ ಕೇಳುವುದು ಸಾರ್ವಜನಿಕ ಸ್ಥಳದಲ್ಲಿ ವಾಹನ ಬಳಸುವುದಕ್ಕೆ. ಈ ಕಾರು ಈಗ ತುಂಡಾಗಿದೆ, ನೋಂದಣಿಯೂ ಇಲ್ಲ. ಬದಲಿ ಪಾಲಿಸಿ ಯಾರಿಂದಲೂ ಸಿಗದು. ಆ ಭಾಗ ಬಿಟ್ಟು ಲೆಕ್ಕ ಹಾಕಿದರೆ ₹1,890.50, ಅದರ ಮೇಲಿನ ಜಿಎಸ್‌ಟಿ ಬೇರೆ, ಕಡಿತವಾಗುತ್ತದೆ. ಮೊತ್ತದ ದೊಡ್ಡ ಪಾಲೇ ಅದು.

ಹಳೆಯ ಅಲ್ಪಾವಧಿ ಕೋಷ್ಟಕವನ್ನೂ ಇಲ್ಲಿ ಅನ್ವಯಿಸಬೇಡಿ. ಅದರಂತೆ ಐದು ತಿಂಗಳು ದಾಟಿದರೆ ಶೇ 70 ಉಳಿಸಿಕೊಂಡು, ತೆರಿಗೆ ಬಿಟ್ಟು ಬರೀ ₹1,516.20 ಕೊಡುತ್ತೀರಿ. ಐಆರ್‌ಡಿಎಐನ ಜೂನ್ 2024ರ ಮಾಸ್ಟರ್ ಸುತ್ತೋಲೆ, ಒಂದು ವರ್ಷದವರೆಗಿನ ಪಾಲಿಸಿಯಲ್ಲಿ ಕ್ಲೇಮ್ ಆಗಿಲ್ಲದಿದ್ದರೆ ಉಳಿದ ಅವಧಿಯ ಪ್ರೀಮಿಯಂ ದಿನದ ಅನುಪಾತದಲ್ಲಿ ಹಿಂದಿರುಗಿಸಬೇಕೆನ್ನುತ್ತದೆ. ಈ ಅವಧಿಯಲ್ಲಿ ಕ್ಲೇಮ್ ಮಾಡಿಲ್ಲ. ಈ ಕಾರಿನ ಮೇಲೆ ಅಪಘಾತದ ಪ್ರಕರಣವೂ ಬಾಕಿ ಇಲ್ಲ. ಸಾಲದ ನಮೂದು ಆರ್‌ಸಿಯಲ್ಲಿ ಇರಲಿಲ್ಲ.

ಒಂದು ತಪ್ಪನ್ನು ಮೊದಲೇ ತಿಳಿಸಿಬಿಡುತ್ತೇನೆ. ತಮ್ಮ ಪಾಲಿಸಿಯಲ್ಲಿ ಚಾಸಿ ಸಂಖ್ಯೆಯ ಕೊನೆಯ ಐದು ಅಂಕಿಗಳಲ್ಲಿ ಮೊದಲನೆಯದು ಇಂಗ್ಲಿಷಿನ ಓ ಅಕ್ಷರವಾಗಿ ಅಚ್ಚಾಗಿದೆ. ಆರ್‌ಸಿಯಲ್ಲೂ ಗುಜರಿ ಪ್ರಮಾಣಪತ್ರದಲ್ಲೂ ಅದು ಸೊನ್ನೆ: 07316. ಹದಿನೇಳು ಅಕ್ಷರದ ಚಾಸಿ ಸಂಖ್ಯೆಗಳಲ್ಲಿ ಓ ಅಕ್ಷರ ಬಳಕೆಯಲ್ಲೇ ಇಲ್ಲ, ಆದ್ದರಿಂದ ಇದು ಟೈಪಿಂಗ್ ದೋಷವೇ. ಕಂಪ್ಯೂಟರ್ ತಾಳೆಯಲ್ಲಿ ಹೊಂದದೆ ಅರ್ಜಿ ವಾಪಸಾಗದಿರಲೆಂದು ಎರಡೂ ಸಾಲುಗಳಿಗೆ ಗೆರೆ ಎಳೆದ ಪ್ರತಿ ಲಗತ್ತಿಸಿದ್ದೇನೆ. ಮೊದಲು ತಿದ್ದುಪಡಿ ಎಂಡಾರ್ಸ್‌ಮೆಂಟ್, ಆಮೇಲೆ ರದ್ದತಿ ಎಂಡಾರ್ಸ್‌ಮೆಂಟ್ ಮಾಡಿ.

ಪಾಲಿಸಿಯಲ್ಲಿ ಶೇ 50 ನೋ ಕ್ಲೇಮ್ ಬೋನಸ್ ಇದೆ. ಮುಂದಿನ ಕಾರಿಗೆ ಅದನ್ನು ಮೂರು ವರ್ಷದೊಳಗೆ ಬಳಸಬಹುದಾದ್ದರಿಂದ ಎನ್‌ಸಿಬಿ ಪತ್ರವನ್ನು ರದ್ದತಿಯ ಜೊತೆಗೇ ಕೊಡಿ. ಜಿಎಸ್‌ಟಿಗೆ ಕ್ರೆಡಿಟ್ ನೋಟ್ ಬೇಕು.

ಹಣವನ್ನು ಪಾಲಿಸಿಯಲ್ಲಿರುವ ಹೆಸರಿನ ನನ್ನ ಉಳಿತಾಯ ಖಾತೆಗೆ (ಕೊನೆಯ ಅಂಕಿ 3862) ಜಮಾ ಮಾಡಿ, ಏಜೆಂಟರ ಖಾತೆಗೆ ಬೇಡ. ಯಾವ ಭಾಗ ನಿರಾಕರಿಸಿದರೂ, ಯಾವ ಷರತ್ತಿನಡಿ ಎಂದು 15 ದಿನದೊಳಗೆ ಬರೆದು ತಿಳಿಸಿ. ಅದಾಗದಿದ್ದರೆ ಬಿಮಾ ಭರೋಸಾದಲ್ಲಿ ದೂರು ಕೊಟ್ಟು, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಅವರ ಮುಂದೆ ಹೋಗುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸರೋಜಾ ಹಿರೇಮಠ

ಲಗತ್ತು: ಠೇವಣಿ ಪ್ರಮಾಣಪತ್ರ, ಗುಜರಿ ಪ್ರಮಾಣಪತ್ರ, ಆರ್‌ಟಿಒ ರದ್ದತಿ ಆದೇಶ, ಇ-ಪಾಲಿಸಿ ಮತ್ತು ಆರ್‌ಸಿ ಪ್ರತಿ (ಚಾಸಿ ಸಂಖ್ಯೆಗೆ ಗೆರೆ ಎಳೆದದ್ದು), ರದ್ದುಪಡಿಸಿದ ಚೆಕ್.