ನೀಲಿ ಅಕ್ಷರ

"ಇದನ್ನ ಮುಟ್ಟಿದ್ರೆ ದುಡ್ಡು ಹೋಗಲ್ಲ ತಾನೆ?"

ಅಜ್ಜಿ ಮೊದಲು ಕೇಳಿದ್ದೇ ಅದನ್ನು. ಹಿಂದಿನ ತಿಂಗಳು ಪಕ್ಕದ ಮನೆಯವರು ಯಾವುದೋ ಮೆಸೇಜಿನ ಲಿಂಕ್ ಒತ್ತಿ, ಬಂದ ಒಟಿಪಿಯನ್ನೂ ಹೇಳಿ 12,000 ರೂಪಾಯಿ ಕಳೆದುಕೊಂಡಿದ್ದರು. ಅವತ್ತಿನಿಂದ ಫೋನಿನಲ್ಲಿ ನೀಲಿ ಅಕ್ಷರ ಕಂಡರೆ ಸಾಕು, ಅಜ್ಜಿ ಫೋನನ್ನು ಜಗಲಿಯ ಮೇಲಿಟ್ಟು ದೂರ ಸರಿಯುತ್ತಿದ್ದಳು.

ಆ ಹೆದರಿಕೆ ಒಳ್ಳೆಯದೇ ಅಂತ ನನಗೆ ಅನ್ನಿಸಿತು. ಅದನ್ನು ಪೂರ್ತಿ ಬಿಡಿಸಬಾರದು.

"ಮೇಲೆ ಯಾರ ಫೋಟೋ ಇದೆ ನೋಡು ಅಜ್ಜಿ."

"ನಿನ್ನ ಚಿಕ್ಕಪ್ಪಂದು."

"ಲಿಂಕ್ ಕಳಿಸ್ತೀನಿ ಅಂತ ಬೆಳಿಗ್ಗೆ ಅವನೇ ಫೋನ್ ಮಾಡಿ ಹೇಳಿದ್ನಲ್ವಾ? ಎರಡೂ ಸರಿ ಇದ್ರೆ ಮಾತ್ರ ಮುಟ್ಟು. ಪಿನ್ ಗಿನ್ ಅಂತ ಏನಾದ್ರೂ ಕೇಳ್ತು ಅಂದ್ರೆ ಮುಚ್ಚಿಬಿಡು."

ಚಿಕ್ಕಪ್ಪ ಇರುವುದು ಡಬ್ಲಿನ್‌ನಲ್ಲಿ. ಭಾನುವಾರ ಅವನ ಮಗಳಿಗೆ ನಾಮಕರಣ. ಅಲ್ಲಿಯ ಬೆಳಿಗ್ಗೆ 10 ಗಂಟೆ ಅಂದರೆ ಡಿಸೆಂಬರಿನಲ್ಲಿ ನಮಗೆ ಮಧ್ಯಾಹ್ನ 3.30. ಬೆಂಗಳೂರು, ಮೈಸೂರಿನ ನೆಂಟರೆಲ್ಲ ಒಂದೇ ವಿಡಿಯೋ ಕಾಲ್ ಲಿಂಕಿನಲ್ಲಿ ಸೇರುವುದು ಅಂತ ಆಗಿತ್ತು. ನನಗೆ ಸೋಮವಾರ ಪರೀಕ್ಷೆ, ಶನಿವಾರವೇ ತೀರ್ಥಹಳ್ಳಿಯಿಂದ ಶಿವಮೊಗ್ಗದ ಬಸ್ಸು ಹತ್ತಬೇಕು. ಅಪ್ಪ ಅಮ್ಮ ಇಬ್ಬರೂ ಅಡಿಕೆ ಕೊಯ್ಲಿಗೆ ತೋಟದಲ್ಲಿ. ಹಾಗಾಗಿ ಅಜ್ಜಿ ಒಬ್ಬಳೇ ಸೇರಬೇಕಿತ್ತು.

ನಾನೇ ಒಂದು ಮೀಟ್ ಲಿಂಕ್ ಮಾಡಿ ಅವಳಿಗೆ ಕಳಿಸಿ ಹಿತ್ತಲಿಗೆ ಹೋಗಿ ಕಾದೆ. ಐದು ನಿಮಿಷವಾದರೂ ಅಜ್ಜಿ ಬರಲಿಲ್ಲ. ಬಂದು ನೋಡಿದರೆ ಹೆಬ್ಬೆರಳನ್ನು ಪರದೆಗೆ ಒತ್ತಿ ಹಿಡಿದುಕೊಂಡಿದ್ದಾಳೆ. ಲಿಂಕ್ ತೆರೆಯುವ ಬದಲು ಏನೇನೋ ಪಟ್ಟಿ ಬಂದು ನಿಂತಿತ್ತು.

"ಜಾಸ್ತಿ ಒತ್ತಬಾರದು ಅಜ್ಜಿ. ಮುಟ್ಟಿ ಬಿಟ್ಟುಬಿಡಬೇಕು."

ಬಿಟ್ಟಳು. ಏನೂ ಆಗಲಿಲ್ಲ. ಮತ್ತೆ ಮುಟ್ಟಿದಳು. ಈಗಲೂ ಇಲ್ಲ.

ನಾನು ಅವಳ ಕೈ ಹಿಡಿದು ನೋಡಿದೆ. ಐವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಬೆರಳುಗಳು. ತುದಿಯೆಲ್ಲ ಒರಟು, ಚೊಗರಿನ ಕಪ್ಪು ಕಲೆ ಗೆರೆಗೆರೆಯಲ್ಲಿ ಇಳಿದಿದೆ. ಚಳಿಗೆ ಚರ್ಮ ಬಿರಿದಿದೆ. ಅಷ್ಟು ಒಣಗಿದ ಬೆರಳು ಮುಟ್ಟಿದರೆ ಪರದೆಗೆ ಗೊತ್ತೇ ಆಗುವುದಿಲ್ಲ. ಈ ಮನೆಯನ್ನು ನಡೆಸಿದ ಕೈ ಫೋನಿಗೆ ಕಾಣಿಸುತ್ತಿಲ್ಲವಲ್ಲ ಅಂತ ನನಗೆ ಹೊಟ್ಟೆ ಹಿಂಡಿದ ಹಾಗಾಯಿತು.

ಒದ್ದೆ ಬಟ್ಟೆ ತಂದು ಉಂಗುರದ ಬೆರಳಿನ ತುದಿ ಒರೆಸಿದೆ. ಅದೊಂದೇ ಸ್ವಲ್ಪ ಮೆತ್ತಗಿತ್ತು.

"ಓ, ಕುಂಕುಮ ಇಡೋ ಬೆರಳು," ಅಂದಳು ಅಜ್ಜಿ. "ನೀರು ಮುಟ್ಟಿಸಿಕೊಂಡು ಹೊಸಿಲಿಗೆ ಇಡ್ತೀನಲ್ಲ, ಹಾಗಾ?"

"ಹಾಗೇ! ಅಷ್ಟೇ ಹಗುರ."

ಇಟ್ಟಳು. ಪರದೆಯ ಮೇಲೆ ಅವಳದೇ ಮುಖ ಮೂಡಿತು. ತಕ್ಷಣ ಸೆರಗು ಸರಿಮಾಡಿಕೊಂಡಳು. ಕೆಳಗಿನ ನೀಲಿ ಗುಂಡಿಗೂ ಹಾಗೇ ಒಂದು ಬೊಟ್ಟು. ಅವತ್ತು ಸಂಜೆಯೊಳಗೆ ನನಗೆ ಹನ್ನೊಂದು ಸಲ ಕಾಲ್ ಮಾಡಿದಳು, ಅಡುಗೆಮನೆಯಿಂದ, ಕೊಟ್ಟಿಗೆಯಿಂದ, ಒಂದು ಸಲ ನನ್ನ ಬೆನ್ನ ಹಿಂದೆಯೇ ನಿಂತು.

ಭಾನುವಾರ ಹಾಸ್ಟೆಲಿನಲ್ಲಿ ಪುಸ್ತಕ ಮುಚ್ಚಿಟ್ಟು ಕೂತೆ. 3.30 ಆಯಿತು. ಮೈಸೂರಿನ ಅತ್ತೆ ಬಂದರು, ಬೆಂಗಳೂರಿನವರು ಬಂದರು. 3.40. ಅಜ್ಜಿ ಇಲ್ಲ. ಫೋನ್ ಮಾಡೋಣ ಅಂದುಕೊಂಡೆ. ಈಗ ಬೆರಳಿಟ್ಟಿದ್ದರೆ, ನನ್ನ ಫೋನ್ ಬಂದು ಗಾಬರಿಯಾದರೆ ಅಂತ ಸುಮ್ಮನಾದೆ. ಅಲ್ಲಿ ಚಿಕ್ಕಪ್ಪನೂ ತೊಟ್ಟಿಲ ಪಕ್ಕ ನಿಂತು ಫೋನನ್ನೇ ನೋಡುತ್ತಿದ್ದ.

3.46ಕ್ಕೆ ಒಂದು ಹೊಸ ಚೌಕ ತೆರೆಯಿತು. ಮೊದಲು ನಮ್ಮ ಮನೆಯ ತೊಲೆ ಕಂಡಿತು. ಆಮೇಲೆ ಒಂದು ಕಿವಿ, ಅದರಲ್ಲಿ ಹರಳಿನ ಓಲೆ. ಆಮೇಲೆ ಅಜ್ಜಿ. ಅವಳ ತುಟಿ ಅಲ್ಲಾಡುತ್ತಿತ್ತು, ದನಿ ಇಲ್ಲ. ಎಲ್ಲರೂ ಒಟ್ಟಿಗೆ "ಮೈಕ್, ಮೈಕ್" ಅಂತ ಕೂಗಿದರು. ಅಯ್ಯೋ, ಅದನ್ನು ನಾನು ಹೇಳಿಕೊಟ್ಟೇ ಇರಲಿಲ್ಲ.

ಅಜ್ಜಿ ಕನ್ನಡಕ ಏರಿಸಿ ಪರದೆಯನ್ನು ಹತ್ತಿರ ತಂದಳು. ಪಕ್ಕದಲ್ಲಿ ಒಂದು ಲೋಟ ನೀರು ಇಟ್ಟುಕೊಂಡಿದ್ದಳು. ಬೆರಳು ಅದ್ದಿ, ಸೆರಗಿಗೆ ಒರೆಸಿ, ಗೆರೆ ಎಳೆದಿದ್ದ ಆ ಚಿತ್ರದ ಮೇಲೆ ಬೊಟ್ಟಿಟ್ಟಳು.

"ಕೇಳ್ತಾ ಇದೆಯೇನೋ?"

"ಕೇಳ್ತಿದೆ ಅಮ್ಮ," ಅಂದ ಚಿಕ್ಕಪ್ಪ. ಅವನ ಗಂಟಲು ಕಟ್ಟಿತ್ತು.

"ಹಾಗಾದ್ರೆ ಮಗು ಕಿವಿ ಹತ್ರ ಹಿಡಿ. ಉಳಿದವರು ಸ್ವಲ್ಪ ಸುಮ್ನಿರಿ."

ಚಿಕ್ಕಪ್ಪ ಬಗ್ಗಿ ಫೋನನ್ನು ತೊಟ್ಟಿಲಿಗೆ ಇಳಿಸಿದ. ಅಜ್ಜಿ ಹೆಸರನ್ನು ಮೆಲ್ಲಗೆ ಮೂರು ಸಲ ಹೇಳಿದಳು.