ದೇವಸ್ಥಾನದ ಲೆಕ್ಕ ಯಾರು ಕೇಳಬೇಕು?

ಧರ್ಮನಿರಪೇಕ್ಷತೆ ಅಂದ ಕೂಡಲೇ ಫ್ರಾನ್ಸ್, ಅಮೆರಿಕದ ಹೆಸರು ಬರುತ್ತದೆ. ಅಲ್ಲಿ ಸರ್ಕಾರ ಬೇರೆ, ಧರ್ಮ ಬೇರೆ. ನಮ್ಮಲ್ಲಿ ಮಾತ್ರ ಎಲ್ಲ ಕಲಸುಮೇಲೋಗರ ಅನ್ನುವುದು ರೂಢಿಯ ಮಾತು. ಆಸ್ತಿಪತ್ರ ಬಿಚ್ಚಿ ನೋಡಿದರೆ ವಿಷಯ ಅಷ್ಟು ಸಲೀಸಲ್ಲ.

ಯಾವ ಧರ್ಮಕ್ಕೂ ಮಾನ್ಯತೆಯಿಲ್ಲ, ಸಂಬಳವಿಲ್ಲ ಅನ್ನುತ್ತದೆ ಫ್ರಾನ್ಸಿನ 1905ರ ಕಾಯ್ದೆ. ಆದರೆ ಅದಕ್ಕೂ ಹಿಂದೆ ಕಟ್ಟಿದ ಚರ್ಚುಗಳು ಬಹುಪಾಲು ಸ್ಥಳೀಯ ಆಡಳಿತದ ಸ್ವತ್ತು. ಪ್ಯಾರಿಸ್ಸಿನ ನೋತ್ರ್ ದಾಮ್ ಸರ್ಕಾರದ್ದೇ. 2019ರಲ್ಲಿ ಅದಕ್ಕೆ ಬೆಂಕಿ ಬಿದ್ದಾಗ ದುಡ್ಡು ಹೆಚ್ಚಾಗಿ ದೇಣಿಗೆಯಿಂದ ಬಂತು, ಕೆಲಸ ಮಾಡಿಸಿದ್ದು ಸರ್ಕಾರ. ಇನ್ನು ಅಲ್ಸಾಸ್ ಭಾಗ 1905ರಲ್ಲಿ ಜರ್ಮನಿಯ ಕೈಲಿತ್ತು. ಹಾಗಾಗಿ ಅಲ್ಲಿನ ಪಾದ್ರಿಗಳಿಗೆ ಇವತ್ತಿಗೂ ಸರ್ಕಾರಿ ಸಂಬಳ! ಜರ್ಮನಿಯಲ್ಲಂತೂ ಚರ್ಚಿನ ತೆರಿಗೆಯನ್ನು ತೆರಿಗೆ ಇಲಾಖೆಯೇ ವಸೂಲಿ ಮಾಡಿಕೊಡುತ್ತದೆ. ಅಮೆರಿಕ ಇವುಗಳಿಗಿಂತ ಬಿಗಿ. ಆದರೂ ಚರ್ಚಿಗೆ ತೆರಿಗೆ ವಿನಾಯಿತಿ ಇದೆ.

ಈಗ ಹಾಸನಕ್ಕೆ ಬನ್ನಿ. ಹಾಸನಾಂಬೆಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನಲ್ಲಿ. ಅದಕ್ಕೆ ಮುಂಚೆ ದೇವಿಯ ಒಡವೆ ಹೊರಗೆ ಬರುವುದು ಜಿಲ್ಲಾ ಖಜಾನೆಯಿಂದ. ಕಂದಾಯ ಅಧಿಕಾರಿಗಳು ಪೂಜೆ ಮಾಡಿಸಿ, ಪಲ್ಲಕ್ಕಿಯಲ್ಲಿಟ್ಟು ಮೆರವಣಿಗೆಯಲ್ಲಿ ಕಳಿಸುತ್ತಾರೆ. ಬಾಗಿಲು ತೆಗೆಯುವಾಗ ಮಂತ್ರಿ, ಜಿಲ್ಲಾಧಿಕಾರಿ ಎಲ್ಲ ಹಾಜರ್. ಅಮೆರಿಕದ ನ್ಯಾಯಾಧೀಶರಿಗೆ ಇದನ್ನು ತೋರಿಸಿದರೆ ತಲೆ ತಿರುಗೀತು. ನಮ್ಮೂರಲ್ಲಿ ಇದು ಯಾರಿಗೂ ವಿಚಿತ್ರ ಅನಿಸುವುದಿಲ್ಲ, ಅಲ್ವಾ?

ನಮ್ಮ ಸಂವಿಧಾನ ಪೂಜೆಯನ್ನೂ ಲೆಕ್ಕವನ್ನೂ ಬೇರೆ ಮಾಡಿತು. ಧರ್ಮಕ್ಕೆ ಅಂಟಿದ ಹಣಕಾಸಿನ ವ್ಯವಹಾರಕ್ಕೆ ಸರ್ಕಾರ ಕಾನೂನು ಮಾಡಬಹುದು ಅನ್ನುತ್ತದೆ 25ನೇ ವಿಧಿ. ಧಾರ್ಮಿಕ ಪಂಗಡಗಳು ತಮ್ಮ ಸಂಸ್ಥೆ ತಾವೇ ನಡೆಸಬಹುದು ಅನ್ನುತ್ತದೆ 26ನೇ ವಿಧಿ; ಆಸ್ತಿಯ ಆಡಳಿತ ಮಾತ್ರ ಕಾನೂನಿನಂತೆ ನಡೆಯಬೇಕು. ಉಡುಪಿಯ ಶಿರೂರು ಮಠದ ಕೇಸಿನಲ್ಲಿ, 1954ರಲ್ಲಿ, ಸುಪ್ರೀಂ ಕೋರ್ಟ್ ಗೆರೆ ಎಳೆಯಿತು: ನಿಯಂತ್ರಣ ಸರಿ, ಆಡಳಿತವನ್ನೇ ಪೂರ್ತಿ ಕಿತ್ತುಕೊಳ್ಳುವಂತಿಲ್ಲ.

ಸರ್ಕಾರ ದೇವಸ್ಥಾನದ ಲೆಕ್ಕ ಕೇಳುವುದು ನನಗೆ ತಪ್ಪು ಅನಿಸುವುದಿಲ್ಲ. ಹುಂಡಿ ದುಡ್ಡು ಊರಿನವರದ್ದು, ಸುಮ್ನೆ ನಾಲ್ಕು ಜನರ ಕೈಗೆ ಬಿಡೋಕಾಗಲ್ಲ. ತಕರಾರು ಇರುವುದು ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಅಳತೆ ಇರುವುದರಲ್ಲಿ. ರಾಜ್ಯದ 1997ರ ಧಾರ್ಮಿಕ ದತ್ತಿ ಕಾಯ್ದೆ ಮಠಗಳಿಗೂ ಅವಕ್ಕೆ ಸೇರಿದ ದೇವಸ್ಥಾನಗಳಿಗೂ ಅನ್ವಯಿಸುವುದಿಲ್ಲ. ಹಾಗಾಗಿ ಪಕ್ಕದ ಜಿಲ್ಲೆಯ ಶೃಂಗೇರಿ ಮಠ ಮುಜರಾಯಿಯಿಂದ ಹೊರಗೆ, ಹಾಸನಾಂಬೆ ಒಳಗೆ.

ಚಿದಂಬರಂ ದೇವಸ್ಥಾನದ ಕೇಸಿನಲ್ಲಿ 2014ರಲ್ಲಿ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಅವ್ಯವಹಾರ ಸರಿಪಡಿಸೋಕೆ ಸರ್ಕಾರ ಆಡಳಿತ ವಹಿಸಿಕೊಳ್ಳಬಹುದು, ಅದು ಸರಿಯಾದ ಮೇಲೆ ವಾಪಸ್ ಕೊಡಬೇಕು. ಅಲ್ಲಿ ವಾಪಸ್ ಕೇಳೋಕೆ ಆ ಗುಡಿಯ ಅರ್ಚಕರಾದ ದೀಕ್ಷಿತರ ಪಂಗಡ ಇತ್ತು. ಎಲ್ಲ ಜಾತಿಯವರೂ ಕ್ಯೂ ನಿಲ್ಲುವ ಸಾರ್ವಜನಿಕ ಗುಡಿಗಳ ಪರವಾಗಿ 26ನೇ ವಿಧಿ ಹಿಡಿದು ಯಾರು ಕೋರ್ಟಿಗೆ ಹೋಗಬೇಕು? ಅದಕ್ಕೆ ಆ ತೀರ್ಪಿನಲ್ಲಿ ಉತ್ತರ ಸಿಗುವುದಿಲ್ಲ.