ಮಾದಪ್ಪನ ಬೆಟ್ಟದಿಂದ ಬಂದ ರಾತ್ರಿ

ಮೈಸೂರು, ಕುವೆಂಪುನಗರದ ಬಾಡಿಗೆ ಮನೆ. 2025ರ ದೀಪಾವಳಿ ಜಾತ್ರೆಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ ಅದೇ ಸಂಜೆ ವಾಪಸಾಗಿದ್ದಾರೆ. ಮಗಳು ಚಿನ್ನಿ ಮಲಗಿದ್ದಾಳೆ. ಅಜ್ಜಿ ಒಳಗಿನ ರೂಮಿನಲ್ಲಿ ಕಾಲು ನೀಡಿ ಕೂತಿದ್ದಾರೆ. ಮಹೇಶ ಡೈನಿಂಗ್ ಟೇಬಲ್ ಮೇಲೆ ಲೆಕ್ಕದ ಡೈರಿ ತೆಗೆದಿಟ್ಟುಕೊಂಡಿದ್ದಾನೆ.

ಸವಿತಾ: ರೀ, ಆ ಡೈರಿ ಆಮೇಲೆ ನೋಡೋರಂತೆ. ಮೊದಲು ನನ್ನ ಮಾತು ಕೇಳಿ. ಇನ್ನೊಂದು ಸಲ ಅತ್ತೇನ ಆ ಕಾರಲ್ಲಿ ಬೆಟ್ಟಕ್ಕೆ ಕರ್ಕೊಂಡು ಹೋಗೋಕೆ ನನ್ನ ಕೈಲಾಗಲ್ಲ.

ಮಹೇಶ: ಹೋಗಿ ಬಂದ್ವಲ್ಲ. ಏನೂ ತೊಂದರೆ ಆಗ್ಲಿಲ್ಲ.

ಸವಿತಾ: ನೀವು ಮುಂದೆ ಕೂತು ಓಡಿಸ್ತಿದ್ರಿ, ನಿಮಗೆ ರಸ್ತೆ ಕಾಣ್ತಿತ್ತು. ಹಿಂದೆ ನಾನು ಅತ್ತೆ ಪಕ್ಕ ಕೂತಿದ್ದೆ. ತಾಳಬೆಟ್ಟ ದಾಟಿ ತಿರುವು ಶುರುವಾಗಿದ್ದೇ ತಡ, ಎರಡೂ ಕೈಯಲ್ಲಿ ಮೇಲಿನ ಹ್ಯಾಂಡಲ್ ಹಿಡ್ಕೊಂಡ್ರು. ಒಂದೊಂದು ತಿರುವಿಗೂ ಮಂಡಿ ಮುಂದಿನ ಸೀಟಿಗೆ ಒತ್ತುತ್ತಿತ್ತು. ಬಾಯಲ್ಲಿ 'ಉಘೇ ಮಾದಪ್ಪ' ಅಂತಿದ್ರು, ಕಣ್ಣಲ್ಲಿ ನೀರು. ಅದು ಬರೀ ಭಕ್ತಿ ಅಂದ್ಕೊಂಡ್ರಾ?

ಮಹೇಶ: (ಸ್ವಲ್ಪ ಹೊತ್ತು ಸುಮ್ಮನಿದ್ದು) ನನಗೆ ಹೇಳ್ಬೇಕಿತ್ತು.

ಸವಿತಾ: ಹೇಳ್ಬೇಡ ಅಂದ್ರು. 'ಅವನು ಗಾಡಿ ಓಡಿಸ್ತಾವ್ನೆ, ಗಾಬರಿ ಮಾಡ್ಬೇಡ' ಅಂತ. ಏರಿನಲ್ಲಿ ಎಂಜಿನ್ ಬಿಸಿಯಾಗಿ ನಿಲ್ಲಿಸಿದ್ರಲ್ಲ, ಆಗಲೇ ಅವರಿಗೆ ಕಾಲು ನೇರ ಮಾಡೋಕೆ ಆಗಿದ್ದು. 2013ರ ಕಾರು ರೀ ಅದು. ನಾಲ್ಕು ಜನ, ಬ್ಯಾಗು, ಹರಕೆ ಅಕ್ಕಿ, ಮೇಲೆ ಎಸಿ. ಅದಾದ್ರೂ ಎಷ್ಟು ಅಂತ ಎಳೆಯುತ್ತೆ? ಏಳು ಸೀಟಿನದು ತಗೊಳ್ಳೋಣ. ಹೇಗೂ ಸೆಪ್ಟೆಂಬರಲ್ಲಿ ಜಿಎಸ್‌ಟಿ ಇಳಿಸಿದ್ದಾರೆ.

ಮಹೇಶ: ಇಳಿಸಿದ್ದಾರೆ, ಸರಿ. ಚಿಕ್ಕ ಕಾರಿಗೆ 18 ಪರ್ಸೆಂಟ್. ದೊಡ್ಡದಕ್ಕೆ ಇಳಿಸಿದ ಮೇಲೂ 40. ಅದರ ಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸು. 10 ಲಕ್ಷ ದಾಟಿದ್ರೆ 17 ಪರ್ಸೆಂಟು, ಸೆಸ್ಸು ಬೇರೆ. ನೀನು ತೋರಿಸಿದ್ಯಲ್ಲ 14 ಲಕ್ಷದ ಗಾಡಿ, ಅದಕ್ಕೆ ಟ್ಯಾಕ್ಸೇ ಎರಡೂವರೆ ಲಕ್ಷದ ಮೇಲೆ. ಇನ್ಶೂರೆನ್ಸ್ ಎಲ್ಲ ಸೇರಿ ಆನ್ ರೋಡ್ 17.

ಸವಿತಾ: 17 ಪೂರ್ತಿ ನಾವೇ ಕೈಯಿಂದ ಕೊಡಲ್ವಲ್ಲ. ಹಳೇ ಕಾರಿಗೆ 1 ಲಕ್ಷ ಬರುತ್ತೆ. ಎಫ್‌ಡಿಯಿಂದ 4 ತೆಗೆಯೋಣ. ಮಿಕ್ಕಿದ್ದು ಸಾಲ.

ಮಹೇಶ: 12 ಲಕ್ಷ ಸಾಲ. ಒಂಬತ್ತೂವರೆ ಬಡ್ಡಿ, ಏಳು ವರ್ಷ. ತಿಂಗಳಿಗೆ 19,600. (ಡೈರಿ ತಿರುಗಿಸಿ ತೋರಿಸುತ್ತಾನೆ) ನೋಡು, ಬಡ್ಡಿಯೇ ನಾಲ್ಕೂವರೆ ಲಕ್ಷ ಕಟ್ತೀವಿ. ಈಗ ನಮ್ಮಿಬ್ಬರ ಸಂಬಳ ಸೇರಿ 1 ಲಕ್ಷ ಕೈಗೆ ಬಂದ್ರೆ, ಬಾಡಿಗೆ, ಸ್ಕೂಲು, ಅಮ್ಮನ ಔಷಧಿ ಎಲ್ಲ ಕಳೆದು 25 ಸಾವಿರ ಉಳಿತಿದೆ. ಕಾರು ಬಂದ್ರೆ ಐದು ಸಾವಿರ ಚಿಲ್ಲರೆ. ಆಮೇಲೆ ಮನೆ ಮಾತು ಎತ್ತೋ ಹಾಗೇ ಇಲ್ಲ.

ಸವಿತಾ: ಮನೆ ಎಲ್ಲಿ ಓಡಿಹೋಗುತ್ತೆ?

ಮಹೇಶ: ಓಡಿಹೋಗುತ್ತೆ ಸವಿತಾ. ಬೋಗಾದಿ ಕಡೆ ನೋಡಿದ್ವಲ್ಲ, 20x30ರ ಹಳೇ ಮನೆ, 60 ಲಕ್ಷ ಅಂತಿದ್ದಾರೆ. ಬ್ಯಾಂಕಿನವರು 80 ಪರ್ಸೆಂಟ್ ಕೊಟ್ರೂ 12 ಲಕ್ಷ ನಮ್ಮದಿರಬೇಕು. ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಅಂತ ಇನ್ನೊಂದು ನಾಲ್ಕೂವರೆ. ಹದಿನಾರೂವರೆ ಆಯ್ತು. ನಮ್ಮ ಹತ್ರ ಇರೋದು 9. ಹೀಗೇ ಉಳಿಸಿದ್ರೆ ಎರಡೂವರೆ ವರ್ಷದಲ್ಲಿ ಮುಟ್ಟುತ್ತೆ. ಮನೆ ಸಾಲದ ಕಂತೇ 40 ಸಾವಿರ ಬರುತ್ತೆ. ಕೈಗೆ ಬರೋ ಸಂಬಳದ ಅರ್ಧಕ್ಕಿಂತ ಜಾಸ್ತಿ ಕಂತಿಗೆ ಹೋಗೋ ಹಾಗಿದ್ರೆ ಸಾಲ ಕೊಡಲ್ಲ ಅಂದ್ರು ಬ್ಯಾಂಕಲ್ಲಿ. ಕಾರಿನ ಕಂತು ಒಂದು ತಲೆ ಮೇಲಿದ್ರೆ ಅರ್ಜಿನೇ ಹಾಕಂಗಿಲ್ಲ.

ಸವಿತಾ: ಅದೆಲ್ಲ ವಿಚಾರಿಸಿಕೊಂಡು ಬಂದಿದ್ದೀರಿ. ನನಗೆ ಯಾಕೆ ಹೇಳ್ಲಿಲ್ಲ?

ಮಹೇಶ: ಜಾತ್ರೆ ಮುಗೀಲಿ ಅಂತಿದ್ದೆ.

ಸವಿತಾ: ಹೂಂ. ನೀವೂ ಅತ್ತೆ ಥರಾನೇ.

(ಅಡುಗೆಮನೆಗೆ ಹೋಗಿ ಎರಡು ಲೋಟ ಮಜ್ಜಿಗೆ ತರುತ್ತಾಳೆ. ಒಂದನ್ನು ಅವನ ಮುಂದೆ ಇಡುತ್ತಾಳೆ.)

ಮಹೇಶ: ಒಂಬತ್ತು ವರ್ಷದಲ್ಲಿ ಇದು ಮೂರನೇ ಮನೆ ನಮಗೆ. ಸರಸ್ವತಿಪುರಂ ಮನೆ ನೆನಪಿದೆಯಾ? ಹಾಲಿನ ಬಾಗಿಲ ಚೌಕಟ್ಟಿಗೆ ಚಿನ್ನೀನ ನಿಲ್ಲಿಸಿ ಪೆನ್ಸಿಲಲ್ಲಿ ಗೆರೆ ಎಳೀತಿದ್ದೆ. ಎರಡು ವರ್ಷ, ಮೂರು ವರ್ಷ, ನಾಲ್ಕು ವರ್ಷ ಅಂತ ಪಕ್ಕದಲ್ಲಿ ಬರೆದಿದ್ದೆ. ಖಾಲಿ ಮಾಡೋ ದಿನ ಓನರ್ ಬಂದು, ಬಾಗಿಲು ಹಾಳು ಮಾಡಿದ್ದೀರಿ ಅಂತ ಅಡ್ವಾನ್ಸಲ್ಲಿ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಂಡ್ರು. ನಮ್ಮ ಎದುರೇ ಪೇಂಟರ್ ಅದರ ಮೇಲೆ ಬ್ರಷ್ ಎಳೆದ. ದುಡ್ಡು ಹೋಗಿದ್ದಕ್ಕೆ ನನಗೆ ಬೇಜಾರಾಗ್ಲಿಲ್ಲ.

ಸವಿತಾ: ಗೊತ್ತು. ಆವತ್ತು ರಾತ್ರಿ ನೀವು ಊಟ ಮಾಡ್ಲಿಲ್ಲ.

ಮಹೇಶ: ಈ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಂಗಿಲ್ಲ. ಅಪ್ಪನ ಫೋಟೋ ಫ್ರಿಜ್ಜಿನ ಮೇಲೆ ಒರಗಿಸಿ ಇಟ್ಟಿದ್ದೀವಿ. ಬಾತ್‌ರೂಮಲ್ಲಿ ಅಮ್ಮ ಹಿಡ್ಕೊಳ್ಳೋಕೆ ಒಂದು ಸ್ಟೀಲ್ ಕಂಬಿ ಹಾಕಿಸ್ತೀನಿ ಅಂದ್ರೆ ಟೈಲ್ಸ್ ಒಡೆಯುತ್ತೆ, ಬೇಡ ಅಂದ್ರು. ನೀನು ಅಮ್ಮನ ಮಂಡಿ ಬಗ್ಗೆ ಹೇಳ್ತೀಯ. ನಾವು ಬೆಟ್ಟಕ್ಕೆ ಹೋಗೋದು ವರ್ಷಕ್ಕೆ ನಾಲ್ಕು ಸಲ. ಆ ಬಾತ್‌ರೂಮಿಗೆ ಅವರು ದಿನಾ ಹೋಗ್ತಾರೆ.

ಸವಿತಾ: (ಕೂರುತ್ತಾಳೆ) ಕಂಬಿ ವಿಷಯ ನನಗೆ ಹೊಳೆದಿರ್ಲಿಲ್ಲ.

ಮಹೇಶ: ಬೆಟ್ಟಕ್ಕೆ ಹೋಗೋವಾಗ ದೊಡ್ಡ ಗಾಡಿ ಬಾಡಿಗೆಗೆ ತಗೊಳ್ಳೋಣ. ಒಂದು ರಾತ್ರಿ ತಂಗಿ ಬರೋಕೆ 12 ಸಾವಿರ ಅಂದ್ಕೋ. ನಾಲ್ಕು ಸಲಕ್ಕೆ 48. ಕಂತು ವರ್ಷಕ್ಕೆ 2 ಲಕ್ಷ 35 ಸಾವಿರ.

ಸವಿತಾ: ಲೆಕ್ಕ ಸರಿಯಾಗೇ ಇದೆ. ಆದ್ರೆ ನಿಮ್ಮಮ್ಮ ಬರಲ್ಲ. 12 ಸಾವಿರ ಅಂತ ಕಿವಿಗೆ ಬಿದ್ರೆ 'ನನಗೋಸ್ಕರ ಯಾಕಪ್ಪ ಖರ್ಚು, ಇಲ್ಲೇ ದೀಪ ಹಚ್ಚಿ ಕೈ ಮುಗೀತೀನಿ' ಅಂತಾರೆ. ಸ್ವಂತ ಗಾಡಿ ಆದ್ರೆ ಹೇಳಿದ ತಕ್ಷಣ ಸೀರೆ ಉಟ್ಕೊಂಡು ಬಾಗಿಲಲ್ಲಿ ನಿಂತಿರ್ತಾರೆ. ಅವರಿಗೀಗ 71. ಇನ್ನು ಎಷ್ಟು ದೀಪಾವಳಿ ಬೆಟ್ಟ ಹತ್ತುತ್ತಾರೆ ಹೇಳಿ. ನಿಮ್ಮ ಮನೆ ಏಳು ವರ್ಷ ಬಿಟ್ಟು ಬಂದ್ರೂ ಅದು ಮನೇನೇ. ಏಳು ವರ್ಷ ಬಿಟ್ಟು ಕಾರು ತಗೊಂಡು ನಾವು ಯಾರನ್ನ ಕೂರಿಸ್ಕೊಂಡು ಹೋಗೋದು?

(ಮಹೇಶ ಡೈರಿ ಮುಚ್ಚುತ್ತಾನೆ. ಒಳಗಿನಿಂದ ಮಂಚ ಕಿರುಗುಟ್ಟಿದ ಸದ್ದು. ಇಬ್ಬರೂ ದನಿ ತಗ್ಗಿಸುತ್ತಾರೆ.)

ಮಹೇಶ: ಸೆಕೆಂಡ್ ಹ್ಯಾಂಡ್ ನೋಡೋಣ್ವಾ? ನಾಲ್ಕೈದು ವರ್ಷ ಓಡಿರೋ ಏಳು ಸೀಟಿನದು. ರೋಡ್ ಟ್ಯಾಕ್ಸ್ ಮೊದಲನೇ ಓನರೇ ಕಟ್ಟಿರ್ತಾನೆ.

ಸವಿತಾ: ಯಾರೋ ಗುದ್ದಿಸಿ, ಪೇಂಟ್ ಬಳಿದು ಮಾರಿದ್ರೆ? ಬೆಟ್ಟದ ಮಧ್ಯೆ ಕೈ ಕೊಟ್ರೆ?

ಮಹೇಶ: ಮೆಕ್ಯಾನಿಕ್‌ನ ಕರ್ಕೊಂಡೇ ಹೋಗೋಣ. ಸರ್ವಿಸ್ ಹಿಸ್ಟರಿ ತೆಗೆಸೋಣ. ಆದ್ರೆ ಎಫ್‌ಡಿಯಿಂದ 3 ಲಕ್ಷದ ಮೇಲೆ ಒಂದು ರೂಪಾಯಿ ಮುಟ್ಟಲ್ಲ. ಸಾಲ ಮಾಡಿದ್ರೂ ಎರಡು ವರ್ಷದಲ್ಲಿ ತೀರೋ ಹಾಗಿರಬೇಕು. ಮನೆ ಸಾಲಕ್ಕೆ ಅರ್ಜಿ ಹಾಕೋ ಹೊತ್ತಿಗೆ ಕಂತು ಇರಬಾರದು.

ಸವಿತಾ: ಆ ದುಡ್ಡಿಗೆ ಬರೋ ಗಾಡಿಯಲ್ಲಿ ಅತ್ತೆಗೆ ಹತ್ತಿ ಇಳಿಯೋಕೆ ಆಗುತ್ತಾ ಅಂತ ಮೊದಲು ನೋಡ್ಬೇಕು. ಕೆಲವು ತುಂಬ ಎತ್ತರ ಇರ್ತವೆ.

ಮಹೇಶ: ಶನಿವಾರ ಅವರನ್ನೇ ಕರ್ಕೊಂಡು ಹೋಗೋಣ. ಕೂತು ನೋಡ್ಲಿ.

ಸವಿತಾ: ಹಳೇ ಗಾಡಿಗೆ ನಾನಿನ್ನೂ ಒಪ್ಪಿಲ್ಲ, ತಿಳ್ಕೊಳ್ಳಿ.

ಮಹೇಶ: ಮನೆ ಮುಂದಕ್ಕೆ ಹಾಕೋಕೆ ನಾನೂ ಒಪ್ಪಿಲ್ಲ.

ಸವಿತಾ: ಆಗ್ಲಿ. ಈಗ ಏಳಿ, ನೀರು ಕಾಯಿಸಿ. ಬಿಸಿನೀರಿನ ಬ್ಯಾಗು ಬಾಗಿಲ ಹಿಂದೆ ಇದೆ. ಅವರ ಮಂಡಿ ಇನ್ನೂ ಬಿಗಿದುಕೊಂಡೇ ಇದೆ, ನಿದ್ದೆ ಬಂದಿಲ್ಲ.